14 ದಿನದಿಂದ ಅಪ್ಪರ್ ಸರ್ಕ್ಯೂಟ್, ಆರ್ಡರ್ ಹಾಕಿದರೂ ಶೇರು ಸಿಗುತ್ತಿಲ್ಲ. ಏನು ಮಾಡೋದು?

ತುಮಕೂರು_ಹರೀಶ · ಸೋಮವಾರ, ರಾತ್ರಿ 8:10

ಎಲ್ಲರಿಗೂ ನಮಸ್ಕಾರ. ಶೇರು ವ್ಯವಹಾರಕ್ಕೆ ನಾನು ಹೊಸಬ, ಡಿಮ್ಯಾಟ್ ತೆಗೆದು ಐದು ತಿಂಗಳಾಯ್ತು. ನಮ್ಮ ಭಾವ ಒಂದು ಟೆಲಿಗ್ರಾಂ ಗ್ರೂಪಿಗೆ ಸೇರಿಸಿದರು. ಅಲ್ಲಿ ಮೂರು ವಾರದ ಹಿಂದೆ ಒಂದು ಸಣ್ಣ ಕಂಪನಿ ಹೆಸರು ಕೊಟ್ಟಿದ್ದರು. ಆಗ 41 ರೂಪಾಯಿ ಇತ್ತು. ಇವತ್ತು 81.15. ದಿನಾ ಬೆಳಿಗ್ಗೆ ತೆರೆದ ಕೂಡಲೇ 5% ಮೇಲೆ ಹೋಗಿ ನಿಂತುಬಿಡುತ್ತೆ. ನಾನು ನಾಲ್ಕು ದಿನದಿಂದ 1,500 ಶೇರಿಗೆ ಆರ್ಡರ್ ಹಾಕುತ್ತಿದ್ದೇನೆ, ಒಂದೂ ಸಿಗುತ್ತಿಲ್ಲ. ಭಾವ ಮೊದಲೇ ತಗೊಂಡಿದ್ದಾರೆ, ದಿನಾ ಫೋನ್ ಮಾಡಿ ಲಾಭ ಎಷ್ಟು ಅಂತ ಹೇಳುತ್ತಾರೆ. ಬೇಗ ಸಿಗೋಕೆ ಏನಾದರೂ ಉಪಾಯ ಇದೆಯಾ? ನಿಯಮ ಇರೋದರಿಂದ ಕಂಪನಿ ಹೆಸರು ಬರೆದಿಲ್ಲ.

ರೋಣದ_ಚನ್ನಬಸವ · 8:22

ಇದು ಆ್ಯಪ್ ತೊಂದರೆ ಇರಬೇಕು. ನನಗೂ ಹೋದ ತಿಂಗಳು ಹೀಗೇ ಆಗಿತ್ತು. ಲಾಗೌಟ್ ಮಾಡಿ ಮತ್ತೆ ಲಾಗಿನ್ ಆಗಿ. ಆಗದಿದ್ದರೆ ಬ್ರೋಕರಿಗೆ ಫೋನ್ ಹಚ್ಚಿ.

ಕುಡ್ಲ_ಬುಲ್ · 8:25

ಚನ್ನಬಸವಣ್ಣ, ಆ್ಯಪ್ ಸರಿಯೇ ಇದೆ. ಮಾರುವವರೇ ಇಲ್ಲ ಮಾರಾಯ್ರೆ. ಹರೀಶ್, ರಾತ್ರಿಯೇ ಆರ್ಡರ್ ಹಾಕಿಡಿ. ಒಂದೇ ಬೆಲೆಯಲ್ಲಿ ಎಲ್ಲರೂ ನಿಂತಾಗ ಮೊದಲು ಬಂದವರಿಗೆ ಮೊದಲು. ಬ್ಯಾಂಕಿನ ಕ್ಯೂ ಇದ್ದ ಹಾಗೆ. ಡೆಲಿವರಿ, ಅಂದರೆ ಅದೇ ದಿನ ಮಾರದೆ ಖಾತೆಗೆ ತಗೊಂಡಿದ್ದು, ಎಷ್ಟು ಪರ್ಸೆಂಟ್ ಅಂತ ನೋಡಿದ್ರಾ? ಅದು ಜಾಸ್ತಿ ಇದ್ದರೆ ನಿಜವಾದ ಖರೀದಿ, ಧೈರ್ಯವಾಗಿ ತಗೊಳ್ಳಿ.

ತುಮಕೂರು_ಹರೀಶ · 8:31

ಥ್ಯಾಂಕ್ಸ್ ಸರ್. ಡೆಲಿವರಿ 100% ಇದೆ! ದಿನಾ 100%. ಸ್ಕ್ರೀನ್‌ನಲ್ಲಿ ಹೀಗೆ ಕಾಣುತ್ತೆ:

```
Bid Qty     Price  |  Price   Offer Qty
3,84,210    81.15  |   0.00           0
   2,500    81.10  |   0.00           0
```

ಮೀನಾ_ಕೆ · 8:40

ಇವತ್ತು ಒಟ್ಟು ಎಷ್ಟು ಶೇರು ಕೈ ಬದಲಾಯ್ತು? ಅದನ್ನು ಹೇಳಿ ಮೊದಲು.

ತುಮಕೂರು_ಹರೀಶ · 8:44

4,870 ಮೇಡಂ.

ಹಳೇ_ಡೀಲರ್ · 9:15

ಹುಬ್ಬಳ್ಳಿಯ ಒಂದು ಬ್ರೋಕರ್ ಆಫೀಸಿನಲ್ಲಿ 11 ವರ್ಷ ಡೀಲರ್ ಆಗಿದ್ದೆ. ಇಂಥ ಸ್ಕ್ರೀನ್ ಬಹಳ ನೋಡಿದ್ದೇನೆ.

ಮೊದಲು ಆ 100% ವಿಷಯ. ಕುಡ್ಲದವರು ಹೇಳಿದ್ದು ಮಾಮೂಲಿ ಶೇರಿಗೆ ಅರ್ಧ ಸರಿ. ಹರೀಶ್, ಬಿಎಸ್‌ಇ ವೆಬ್‌ಸೈಟ್‌ನಲ್ಲಿ ನಿಮ್ಮ ಶೇರಿನ ಗ್ರೂಪ್ ಏನಿದೆ ನೋಡಿ. T ಅಥವಾ XT ಅಂತ ಇದ್ದರೆ ಅದು ಟ್ರೇಡ್-ಟು-ಟ್ರೇಡ್. ಅಲ್ಲಿ ಬೆಳಿಗ್ಗೆ ಕೊಂಡು ಸಂಜೆ ಮಾರುವ ಹಾಗೇ ಇಲ್ಲ, ಪ್ರತಿ ವ್ಯವಹಾರವೂ ಡೆಲಿವರಿ ಆಗಲೇಬೇಕು. ಹಾಗಾಗಿ ಅಲ್ಲಿ 100% ಅಂದರೆ ಏನೂ ಹೇಳಿದ ಹಾಗಲ್ಲ. ಅದು ನಿಯಮ ಅಷ್ಟೆ.

ಇನ್ನು ಆ 3,84,210. ನಾಲ್ಕು ಲಕ್ಷದ ಹತ್ತಿರ ಶೇರು ಬೇಕು ಅಂತ ಕ್ಯೂ ಇದೆ, ಕೈ ಬದಲಾಗಿದ್ದು ಐದು ಸಾವಿರವೂ ಇಲ್ಲ. ಆ ಕ್ಯೂನಲ್ಲಿ ನಿಂತವರು ಯಾರು ಅಂತ ನಿಮಗೆ ಕಾಣಲ್ಲ. ಎರಡು ಲಕ್ಷ ಒಬ್ಬನೇ ಹಾಕಿರಬಹುದು. ಯಾವ ಗಳಿಗೆಯಲ್ಲಿ ಬೇಕಾದರೂ ಹಿಂದಕ್ಕೆ ತಗೊಳ್ಳಬಹುದು. ತನ್ನ ಸರದಿ ಬರುವುದಿಲ್ಲ ಅಂತ ಅವನಿಗೆ ಗೊತ್ತು, ಏಕೆಂದರೆ ಮಾರುವವರೂ ಅವನ ಕಡೆಯವರೇ. ಇಷ್ಟು ದೊಡ್ಡ ಕ್ಯೂ ಇದ್ದರೆ ನಿಮ್ಮಂಥವರಿಗೆ ಆಸೆ ಹುಟ್ಟುತ್ತೆ, ಮರುದಿನ ನೀವೂ ಬಂದು ನಿಲ್ಲುತ್ತೀರಿ. ಕ್ಯೂನ ಕೆಲಸವೇ ಅದು.

ಗಮನ ಇಡಿ: ಇಷ್ಟು ದಿನ ಸಿಗದ ಶೇರು ಒಂದು ದಿನ ನೀವು ಕೇಳಿದಷ್ಟೂ ಸಿಕ್ಕಿಬಿಟ್ಟರೆ ಖುಷಿ ಪಡಬೇಡಿ. ಅವತ್ತು ಯಾರೋ ತಮ್ಮ ಶೇರನ್ನು ನಿಮ್ಮ ಮೇಲೆ ಇಳಿಸುತ್ತಿದ್ದಾರೆ ಅಂತ ಅರ್ಥ.

ಕುಡ್ಲ_ಬುಲ್ · 9:24

ಸರ್ ನೀವು ಎಲ್ಲದಕ್ಕೂ ಬೆಲೆ ಆಡಿಸೋ ಆಪರೇಟರ್ ಕೆಲಸ ಅಂತೀರಿ. ಒಳ್ಳೆ ಸಣ್ಣ ಕಂಪನಿಯೂ ಸರ್ಕ್ಯೂಟ್ ಹೊಡೆಯಲ್ವಾ? ನಾನೇ ಒಂದರಲ್ಲಿ ಎರಡು ಪಟ್ಟು ಮಾಡಿದ್ದೇನೆ.

ಹಳೇ_ಡೀಲರ್ · 9:33

ಹೊಡೆಯುತ್ತೆ, ಇಲ್ಲ ಅನ್ನಲ್ಲ. ಸರ್ಕ್ಯೂಟ್ ಒಂದನ್ನೇ ನೋಡಿ ತೀರ್ಮಾನ ಮಾಡೋಕೆ ಆಗಲ್ಲ. ಅದಕ್ಕೇ ಕೇಳ್ತೀನಿ. ಹರೀಶ್, ಮೂರು ವಿಷಯ ಹುಡುಕಿ ಹಾಕಿ. ಕಂಪನಿಯ ಹೋದ ತ್ರೈಮಾಸಿಕದ ಮಾರಾಟ ಎಷ್ಟು. ಒಟ್ಟು ಶೇರು ಎಷ್ಟು. ಒಂದು ವರ್ಷದಲ್ಲಿ ಪ್ರಿಫರೆನ್ಶಿಯಲ್ ಅಲಾಟ್‌ಮೆಂಟ್, ಅಂದರೆ ಆಯ್ದ ಕೆಲವರಿಗೆ ಮಾತ್ರ ಹೊಸ ಶೇರು ಕೊಡೋದು, ಏನಾದರೂ ಆಗಿದೆಯಾ. ಮೂರೂ ಬಿಎಸ್‌ಇ ಪುಟದಲ್ಲೇ ಸಿಗುತ್ತೆ, ದುಡ್ಡು ಕೊಡಬೇಕಿಲ್ಲ.

ಶಿರಸಿ_ಹೆಗಡೆ · 9:50

ಇದನ್ನೆಲ್ಲ ಓದಿದರೆ ನನಗೆ ವೆನಿಲ್ಲಾ ನೆನಪಾಗುತ್ತೆ. 2003ರ ಸುಮಾರಿಗೆ ನಮ್ಮ ಕಡೆ ತೋಟಕ್ಕೆ ರಾತ್ರಿ ಕಾವಲು ಹಾಕಿದ್ದರು, ಬಳ್ಳಿ ಕದಿಯುತ್ತಾರೆ ಅಂತ. ಬಳ್ಳಿಯ ತುಂಡಿಗೂ ರೇಟು. ಬಳ್ಳಿ ಮಾರಿದವರು ದುಡ್ಡು ಮಾಡಿದರು, ನೆಟ್ಟವರು ಕೈ ಸುಟ್ಟುಕೊಂಡರು. ನಾನು ನೆಟ್ಟವ.

ಮೀನಾ_ಕೆ · 9:58

ಹೆಗಡೆಯವರೇ, ಅದು ಬೇರೆ. ಮಡಗಾಸ್ಕರ್‌ನಲ್ಲಿ ಚಂಡಮಾರುತಕ್ಕೆ ಬೆಳೆ ಹೋಗಿ ನಿಜವಾಗಿಯೂ ವೆನಿಲ್ಲಾ ಕೊರತೆ ಆಗಿತ್ತು. ಬೆಲೆ ಸುಳ್ಳಾಗಿರಲಿಲ್ಲ, ಬಾಳಿಕೆ ಬರಲಿಲ್ಲ ಅಷ್ಟೆ. ಇಲ್ಲಿ ಬೆಲೆಯೇ ನಾಟಕ.

ಶಿರಸಿ_ಹೆಗಡೆ · 10:04

ನನ್ನ ಜೇಬಿಗೆ ಎರಡೂ ಒಂದೇ ತಂಗಿ.

ತುಮಕೂರು_ಹರೀಶ · 10:41

ಹುಡುಕಿದೆ. ಗ್ರೂಪ್ XT. ಮೂರು ತಿಂಗಳ ಮಾರಾಟ 38 ಲಕ್ಷ, ಲಾಭ 2 ಲಕ್ಷ ಚಿಲ್ಲರೆ. ಒಟ್ಟು ಶೇರು ಏಳೂವರೆ ಕೋಟಿ. ಪ್ರಿಫರೆನ್ಶಿಯಲ್ ಅಂತ ಒಂದು ಪಿಡಿಎಫ್ ಇದೆ: 32 ಜನಕ್ಕೆ 2.4 ಕೋಟಿ ಶೇರು, ತಲಾ 14 ರೂಪಾಯಿಗೆ. ಅದು ಕಂಪನಿಗೆ ಬಂಡವಾಳ ಬಂದ ಹಾಗೆ ಅಲ್ವಾ, ಒಳ್ಳೇದೇ ತಾನೇ?

ಹಳೇ_ಡೀಲರ್ · 11:05

ಲೆಕ್ಕ ಹಾಕೋಣ. ಏಳೂವರೆ ಕೋಟಿ ಶೇರು, 81 ರೂಪಾಯಿ. ಅಂದರೆ ಮಾರುಕಟ್ಟೆ ಈ ಕಂಪನಿಗೆ 600 ಕೋಟಿ ಬೆಲೆ ಕಟ್ಟಿದೆ. ಮಾರಾಟ ಮೂರು ತಿಂಗಳಿಗೆ 38 ಲಕ್ಷ, ವರ್ಷಕ್ಕೆ ಒಂದೂವರೆ ಕೋಟಿ ಅನ್ನಿ. ತುಮಕೂರು ಎಂ.ಜಿ. ರೋಡಿನ ಒಂದು ಸುಮಾರಾದ ಬಟ್ಟೆ ಅಂಗಡಿಗೂ ಅಷ್ಟು ವ್ಯಾಪಾರ ಇರುತ್ತೆ. ಆ ಅಂಗಡಿಯನ್ನು 600 ಕೋಟಿಗೆ ಕೊಡ್ತೀನಿ ಅಂದರೆ ನಿಮ್ಮ ಭಾವ ತಗೊಳ್ತಾರಾ?

ಈಗ ಆ ಪಿಡಿಎಫ್. ಬಂಡವಾಳ ಬಂತು, ಸರಿ. ಆದರೆ 32 ಜನರ ಕೈಯಲ್ಲಿ 14 ರೂಪಾಯಿಯ 2.4 ಕೋಟಿ ಶೇರು ಇದೆ. ಪ್ರವರ್ತಕರಲ್ಲದವರಿಗೆ ಹೀಗೆ ಕೊಟ್ಟ ಶೇರನ್ನು ಎಕ್ಸ್‌ಚೇಂಜ್ ವಹಿವಾಟಿಗೆ ಒಪ್ಪಿಗೆ ಕೊಟ್ಟ ದಿನದಿಂದ ಆರು ತಿಂಗಳು ಮಾರುವ ಹಾಗಿಲ್ಲ. 2022ರ ಮುಂಚೆ ಒಂದು ವರ್ಷ ಇತ್ತು. ಆ ಒಪ್ಪಿಗೆ ಯಾವತ್ತು ಬಂತು ಅಂತ ಅದೇ ಪ್ರಕಟಣೆಗಳಲ್ಲಿ ಇನ್ನೊಂದು ಪತ್ರ ಇರುತ್ತೆ. ಅದಕ್ಕೆ ಆರು ತಿಂಗಳು ಕೂಡಿಸಿ. ಬರುವ ತಾರೀಖನ್ನು, ಶೇರು ಏರೋಕೆ ಶುರುವಾದ ತಾರೀಖಿನ ಪಕ್ಕ ಇಟ್ಟು ನೋಡಿ.

ತುಮಕೂರು_ಹರೀಶ · 11:32

ಸರ್... ಲಾಕ್-ಇನ್ ಮುಗಿದಿದ್ದು ಒಂದು ಶುಕ್ರವಾರ. ಅಪ್ಪರ್ ಸರ್ಕ್ಯೂಟ್ ಶುರುವಾಗಿದ್ದು ಅದರ ಮುಂದಿನ ಬುಧವಾರ.

ಅಬುಧಾಬಿ_ಕನ್ನಡಿಗ · 11:34

ಅಯ್ಯಪ್ಪಾ.

ಕುಡ್ಲ_ಬುಲ್ · 11:40

ಕಾಕತಾಳೀಯ ಇರಬಹುದು. ಎಕ್ಸ್‌ಚೇಂಜ್ ನಿಗಾ ಇಡೋ ಎಎಸ್‌ಎಂ, ಜಿಎಸ್‌ಎಂ ಲಿಸ್ಟಲ್ಲಿ ಇದೆಯಾ? ಇಲ್ಲದಿದ್ದರೆ ಎಕ್ಸ್‌ಚೇಂಜಿಗೂ ಅನುಮಾನ ಇಲ್ಲ ಅಂತ ಆಯ್ತಲ್ಲ.

ಹಳೇ_ಡೀಲರ್ · 11:52

ಆ ಪಟ್ಟಿಗಳಿಗೆ ಶೇರು ಸೇರೋದು ಬೆಲೆ ಏರಿದ ಮೇಲೆ. ಪಟ್ಟಿಯಲ್ಲಿದ್ದರೆ ಎಚ್ಚರ ಅಂತ ಅರ್ಥ. ಇಲ್ಲ ಅಂದ ಮಾತ್ರಕ್ಕೆ ಕ್ಷೇಮ ಅಂತಲ್ಲ. ಕಾಕತಾಳೀಯ ಇರಬಹುದು, ಒಪ್ಪುತ್ತೇನೆ. ತಾರೀಖು ಹೊಂದಿದರೆ ಅಪರಾಧ ಸಾಬೀತಾಗಲ್ಲ. ಆದರೆ ನನ್ನ ದುಡ್ಡು ಹಾಕದೇ ಇರೋಕೆ ನನಗೆ ಸಾಬೀತಾಗಬೇಕಿಲ್ಲ.

ಭಾರತ್ ಗ್ಲೋಬಲ್ ಡೆವಲಪರ್ಸ್ ಅಂತ ಒಂದು ಇತ್ತು, ಹುಡುಕಿ ಓದಿ. 2023ರ ನವೆಂಬರ್‌ನಲ್ಲಿ 16.14 ರೂಪಾಯಿ, ಮುಂದಿನ ನವೆಂಬರ್‌ನಲ್ಲಿ 1,702.95. ಒಂದು ವರ್ಷದಲ್ಲಿ 105 ಪಟ್ಟು. ದೊಡ್ಡ ದೊಡ್ಡ ಕಂಪನಿಗಳಿಂದ ಆರ್ಡರ್ ಸಿಕ್ಕಿದೆ ಅಂತ ಪ್ರಕಟಣೆ ಮೇಲೆ ಪ್ರಕಟಣೆ. 2024ರ ಡಿಸೆಂಬರ್‌ನಲ್ಲಿ ಸೆಬಿ ಮಧ್ಯಂತರ ಆದೇಶ ಕೊಟ್ಟು ವಹಿವಾಟನ್ನೇ ನಿಲ್ಲಿಸಿತು. ಆ ಆದೇಶದ ಪ್ರಕಾರ ಪ್ರಿಫರೆನ್ಶಿಯಲ್‌ನಲ್ಲಿ ಶೇರು ಪಡೆದವರು ಲಾಕ್-ಇನ್ ಮುಗಿದ ಮೇಲೆ ಮಾರಿದ್ದು 271 ಕೋಟಿಗೂ ಜಾಸ್ತಿ. ವಹಿವಾಟು ನಿಂತ ದಿನ ಶೇರು ಕೈಯಲ್ಲಿ ಇಟ್ಟುಕೊಂಡಿದ್ದವರ ಗತಿ ಯೋಚನೆ ಮಾಡಿ. ಲೋವರ್ ಸರ್ಕ್ಯೂಟ್ ಕೂಡ ಇಲ್ಲ, ಬಾಗಿಲೇ ಮುಚ್ಚಿತ್ತು.

ಮೀನಾ_ಕೆ · ಮಂಗಳವಾರ, ಬೆಳಿಗ್ಗೆ 7:20

ಷೇರುದಾರರ ಸಂಖ್ಯೆಯನ್ನೂ ನೋಡಬಹುದಲ್ಲ? ಸಾಧನಾ ಬ್ರಾಡ್‌ಕಾಸ್ಟ್ ವಿಷಯದಲ್ಲಿ ಅದು ಬಂದಿತ್ತು. 2022ರ ಜುಲೈನಲ್ಲಿ ಯೂಟ್ಯೂಬ್ ವಿಡಿಯೋ ಬಿಟ್ಟರು, ಅದಾನಿ ಗುಂಪು ಕೊಳ್ಳುತ್ತೆ ಅಂತ ಸುಳ್ಳು ಹೇಳಿ. ದುಡ್ಡು ಕೊಟ್ಟು ಜಾಹೀರಾತಿನ ಹಾಗೆ ಓಡಿಸಿದರು. ಸಣ್ಣ ಷೇರುದಾರರು 2,167 ಇದ್ದವರು 55,343 ಆದರು. ಅದೇ ಹೊತ್ತಿಗೆ ಪ್ರವರ್ತಕರು ಮಾರುತ್ತಿದ್ದರು. 2023ರ ಮಾರ್ಚ್‌ನಲ್ಲಿ ಸೆಬಿಯ ಮಧ್ಯಂತರ ಆದೇಶದಲ್ಲಿ ಇದೆಲ್ಲ ಇದೆ.

ಹಳೇ_ಡೀಲರ್ · 7:45

ನೋಡಬಹುದು ಮೇಡಂ, ಆದರೆ ಆ ಅಂಕಿ ತಡವಾಗಿ ಬರುತ್ತೆ. ಷೇರುದಾರರ ಪಟ್ಟಿ ತ್ರೈಮಾಸಿಕ ಮುಗಿದ ಮೇಲೆ ಬರೋದು, ಅದಕ್ಕೂ 21 ದಿನ ಸಮಯ ಇದೆ. ಜುಲೈ ವಿಡಿಯೋ ನೋಡಿ ಕೊಂಡವನಿಗೆ 55 ಸಾವಿರ ಅನ್ನೋದು ಅಕ್ಟೋಬರ್‌ನಲ್ಲಿ ಗೊತ್ತಾಗುತ್ತೆ. ಅಷ್ಟೊತ್ತಿಗೆ ಅವನೂ ಆ 55 ಸಾವಿರದಲ್ಲಿ ಒಬ್ಬ. ಕೊಳ್ಳುವ ಮುಂಚೆ ಆ ಪಟ್ಟಿಯಲ್ಲಿ ನೋಡಬೇಕಾದ್ದು ಬೇರೆ: 1%ಗಿಂತ ಜಾಸ್ತಿ ಇಟ್ಟುಕೊಂಡವರ ಹೆಸರು ಇರುತ್ತೆ. ಹೆಸರೇ ಕೇಳಿರದ ಐದಾರು ಪ್ರೈವೇಟ್ ಲಿಮಿಟೆಡ್‌ಗಳು, ಒಂದೇ ಮನೆತನದ ನಾಲ್ಕೈದು ಜನ, ಒಂದೂ ಮ್ಯೂಚುವಲ್ ಫಂಡ್ ಇಲ್ಲ ಅಂದರೆ ಹಿಂದಕ್ಕೆ ಸರಿಯಿರಿ.

ರೋಣದ_ಚನ್ನಬಸವ · 8:02

ಆ ಸಾಧನಾ ಕೇಸಿನಲ್ಲಿ ಒಬ್ಬ ಹಿಂದಿ ನಟನ ಹೆಸರೂ ಇತ್ತಲ್ಲ? ಅವರ ಪಿಕ್ಚರ್ ನನಗೆ ಬಹಳ ಸೇರುತ್ತೆ.

ಮೀನಾ_ಕೆ · 8:05

ಚನ್ನಬಸವಣ್ಣ, ವಿಷಯಕ್ಕೆ ಬನ್ನಿ 😄

ತುಮಕೂರು_ಹರೀಶ · ಮಂಗಳವಾರ, ಸಂಜೆ 4:10

ಬೈಯಬೇಡಿ. ರಾತ್ರಿ ಆರ್ಡರ್ ತೆಗೆಯೋಣ ಅಂತಲೇ ಇದ್ದೆ. ಭಾವ ಬೆಳಿಗ್ಗೆ ಫೋನ್ ಮಾಡಿ, "ಇಂಟರ್ನೆಟ್ಟಲ್ಲಿ ಯಾರೋ ಹೇಳಿದ್ದನ್ನು ನಂಬ್ತೀಯಾ, ಮನೆಯವರನ್ನು ನಂಬಲ್ವಾ" ಅಂದರು. ಆರ್ಡರ್ ಹಾಗೇ ಬಿಟ್ಟೆ. 9:40ಕ್ಕೆ 1,500ಕ್ಕೆ 1,500 ಸಿಕ್ಕಿತು, 85.20ಕ್ಕೆ. ಒಟ್ಟು 1,27,800. ಇವತ್ತಿನ ವಾಲ್ಯೂಮ್ 11 ಲಕ್ಷ. ಆಮೇಲೆ ಮತ್ತೆ ಅಪ್ಪರ್ ಸರ್ಕ್ಯೂಟಲ್ಲೇ ನಿಂತಿದೆ. ಅಂದರೆ ಪರವಾಗಿಲ್ಲ ಅಲ್ವಾ?

ಹಳೇ_ಡೀಲರ್ · 4:30

ನಿನ್ನೆ 4,870, ಇವತ್ತು 11 ಲಕ್ಷ. ನಾಲ್ಕು ದಿನ ಮುಚ್ಚಿದ್ದ ಬಾಗಿಲು ಇವತ್ತು ಯಾಕೆ ತೆರೆಯಿತು? ಸಾಧ್ಯವಾದ ಮೊದಲ ದಿನ ಮಾರಿಬಿಡಿ ಅಂತ ನನ್ನ ಅಭಿಪ್ರಾಯ. ಟ್ರೇಡ್-ಟು-ಟ್ರೇಡ್ ಆದ್ದರಿಂದ ನಾಳೆಯೂ ಮಾರೋಕೆ ಆಗಲ್ಲ. ಶೇರು ಖಾತೆಗೆ ಬಂದ ಮೇಲೆ, ಗುರುವಾರ.

ಕುಡ್ಲ_ಬುಲ್ · 4:41

ಹೆದರಬೇಡಿ ಹರೀಶ್. ಸ್ಟಾಪ್-ಲಾಸ್ ಹಾಕಿಡಿ, 80ಕ್ಕೆ. ಅದರ ಕೆಳಗೆ ಹೋದರೆ ತಾನಾಗಿ ಮಾರಾಟ ಆಗುತ್ತೆ.

ಮೀನಾ_ಕೆ · 4:50

ಕೊಳ್ಳುವವನೇ ಇಲ್ಲದಾಗ ಸ್ಟಾಪ್-ಲಾಸ್ ಯಾರಿಗೆ ಮಾರುತ್ತೆ ಸರ್? ಆರ್ಡರ್ ಚಾಲೂ ಆಗುತ್ತೆ, ಹೋಗಿ ಕ್ಯೂನ ಕೊನೆಯಲ್ಲಿ ನಿಲ್ಲುತ್ತೆ.

ತುಮಕೂರು_ಹರೀಶ · ಶುಕ್ರವಾರ, ಸಂಜೆ 5:02

ಬುಧವಾರ 80.95. ಮಾರೋಕೇ ಆಗಲಿಲ್ಲ. ಗುರುವಾರ 76.90, ತೆರೆದ ಕೂಡಲೇ ಲೋವರ್ ಸರ್ಕ್ಯೂಟ್. ಇವತ್ತು 73.05. ಸ್ಕ್ರೀನ್ ತಿರುಗಿಬಿಟ್ಟಿದೆ:

```
Bid Qty     Price  |  Price    Offer Qty
      0      0.00  |  73.05     6,12,400
```

ಆ 3,84,210 ಜನ ಎಲ್ಲಿ ಹೋದರು?

ಹಳೇ_ಡೀಲರ್ · 5:20

ಜನ ಅಲ್ಲ, ಶೇರು. ಅಷ್ಟು ಜನ ಯಾವತ್ತೂ ಇರಲಿಲ್ಲ.

ಈಗ ಮಾಡಬೇಕಾದ್ದು: ದಿನಾ ಆದಷ್ಟು ಬೇಗ, ಆವತ್ತಿನ ಲೋವರ್ ಸರ್ಕ್ಯೂಟ್ ಬೆಲೆಗೇ ಮಾರಾಟದ ಆರ್ಡರ್ ಹಾಕಿ. ಒಂದು ರೂಪಾಯಿ ಮೇಲೆ ಹಾಕಿ ಕಾಯಬೇಡಿ. ಇಂಥ ಶೇರುಗಳು ಮಧ್ಯದಲ್ಲಿ ಒಂದು ದಿನ ಕೆಲವು ನಿಮಿಷ ತೆರೆಯುವುದುಂಟು. ಉಳಿದದ್ದನ್ನು ಇಳಿಸೋಕೆ ಯಾರೋ ಸ್ವಲ್ಪ ಕೊಂಡು, "ಕೆಳಗೆ ಮುಟ್ಟಾಯಿತು" ಅಂತ ನಂಬಿಸುತ್ತಾರೆ. ಆಗ ಹೊರಗೆ ಬನ್ನಿ.

ಇನ್ನೊಂದು ಮಾತು. 73 ನಿಮಗೆ ನಷ್ಟ. 14ಕ್ಕೆ ತಗೊಂಡವನಿಗೆ 73ರಲ್ಲೂ ಐದು ಪಟ್ಟು. ಅವನಿಗೆ ಮಾರೋದು ನಿಲ್ಲಿಸುವ ಅವಸರ ಇಲ್ಲ.

ಅಬುಧಾಬಿ_ಕನ್ನಡಿಗ · 5:41

ಗ್ರೂಪ್ ಅಡ್ಮಿನ್ ಏನಂತಾನೆ?

ತುಮಕೂರು_ಹರೀಶ · 5:48

"ವೀಕ್ ಹ್ಯಾಂಡ್ಸ್ ಹೊರಗೆ ಹೋಗ್ತಿದ್ದಾರೆ, ಹಿಡಿದುಕೊಳ್ಳಿ, ಟಾರ್ಗೆಟ್ 240". ಪ್ರಶ್ನೆ ಕೇಳಿದ ಇಬ್ಬರನ್ನು ತೆಗೆದುಹಾಕಿದ. ಪ್ರೊಫೈಲ್‌ನಲ್ಲಿ ಸೆಬಿ ನೋಂದಣಿ ಸಂಖ್ಯೆ ಇದೆ, INH ಅಂತ ಶುರುವಾಗುತ್ತೆ. ಅದನ್ನು ನೋಡಿಯೇ ಭಾವ ನಂಬಿದ್ದು.

ಮೀನಾ_ಕೆ · 6:03

ಆ ಸಂಖ್ಯೆಯನ್ನು ಸೆಬಿ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ, ಯಾರ ಹೆಸರು ಬರುತ್ತೆ ಅಂತ. ಮತ್ತೆ ಆ ಚಾಟ್ ಎಲ್ಲಾ ಈಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ, ತಾರೀಖು ಕಾಣುವ ಹಾಗೆ. ಅವನು ಅಳಿಸಿದ ಮೇಲೆ ಸೆಬಿಗೆ ದೂರು ಕೊಡೋಕೆ ನಿಮ್ಮ ಕೈಯಲ್ಲಿ ಏನೂ ಇರಲ್ಲ.

ತುಮಕೂರು_ಹರೀಶ · 6:25

ಚೆನ್ನೈ ಕಡೆಯ ಒಬ್ಬ ಹೆಂಗಸಿನ ಹೆಸರು ಬಂತು. ಅಡ್ಮಿನ್ ಗಂಡಸು, ದಿನಾ ಹಿಂದಿಯಲ್ಲಿ ವಾಯ್ಸ್ ಮೆಸೇಜ್ ಹಾಕುತ್ತಾನೆ.

ಶಿರಸಿ_ಹೆಗಡೆ · 6:40

ಬಳ್ಳಿ ಮಾರಿದವನೂ ನನಗೆ ಬೇರೆ ಹೆಸರು ಹೇಳಿದ್ದ.

ತುಮಕೂರು_ಹರೀಶ · ಮುಂದಿನ ಬುಧವಾರ, ಮಧ್ಯಾಹ್ನ 12:15

ಇವತ್ತು 62.65. 10:20ರ ಹೊತ್ತಿಗೆ ನಾಲ್ಕೈದು ನಿಮಿಷ ತೆರೆಯಿತು, 1,100 ಹೋಯಿತು. ಕೈಗೆ 68,915 ಬಂತು. ಅಷ್ಟರ ಮೇಲೆ ನಷ್ಟ 24,805. ಇನ್ನೂ 400 ಉಳಿದಿದೆ, ಮತ್ತೆ ಮುಚ್ಚಿಕೊಂಡಿದೆ. ಭಾವ ಒಂದೂ ಮಾರಿಲ್ಲ. ಅವರದು 48 ರೂಪಾಯಿಯ ಖರೀದಿ, "ನಾನಿನ್ನೂ ಲಾಭದಲ್ಲೇ ಇದ್ದೀನಿ" ಅಂತಾರೆ.

ಕುಡ್ಲ_ಬುಲ್ · 12:31

ಭಾವ ಹೇಳೋದರಲ್ಲಿ ತಪ್ಪೇನಿದೆ? ಲೆಕ್ಕದಲ್ಲಿ ಲಾಭವೇ ತಾನೇ.

ಹಳೇ_ಡೀಲರ್ · 12:44

ಇದೇ ಬೆಲೆಗೆ ಇವತ್ತು 500 ಶೇರು ಮಾರಿ ತೋರಿಸಲಿ, ಆಮೇಲೆ ಲಾಭ ಅನ್ನೋಣ. ಇನ್ನು ಐದಾರು ಸರ್ಕ್ಯೂಟ್ ಹೀಗೇ ಬಿದ್ದರೆ ಅವರೂ 48ರ ಕೆಳಗೆ. ಹರೀಶ್, ಉಳಿದ 400ಕ್ಕೆ ನಾಳೆಯೂ ಆರ್ಡರ್ ಹಾಕಿ.

ರೋಣದ_ಚನ್ನಬಸವ · 12:58

ನಾನು ಸುಮ್ನೆ ನನ್ನ ಹತ್ತಿರ ಇರೋ ಒಂದು ಶೇರು ತೆಗೆದು ನೋಡಿದೆ. ಗ್ರೂಪ್ X ಅಂತ ಇದೆ. ಹೋದ ವರ್ಷ ಅದೂ 15 ರೂಪಾಯಿಗೆ ಹೊಸ ಶೇರು ಕೊಟ್ಟಿತ್ತು. ನನಗೂ ಪತ್ರ ಬಂದಿತ್ತು, ನಾನು ಹಾಕಲಿಲ್ಲ. ಅದರ ಆರು ತಿಂಗಳು ಯಾವಾಗ ಮುಗಿಯುತ್ತೆ?

ಹಳೇ_ಡೀಲರ್ · 1:10

ನಿಮಗೂ ಪತ್ರ ಬಂದಿದೆ ಅಂದರೆ ಅದು ರೈಟ್ಸ್ ಇಶ್ಯೂ ಅಣ್ಣಾ, ಇದ್ದ ಷೇರುದಾರರಿಗೆಲ್ಲ ಕೊಟ್ಟಿದ್ದು. ಅದಕ್ಕೆ ಈ ಆರು ತಿಂಗಳ ಲಾಕ್-ಇನ್ ಇಲ್ಲ. ಬೇರೆ ಥ್ರೆಡ್ ತೆರೆಯಿರಿ, ಮಾರಾಟ ಎಷ್ಟು, ಒಟ್ಟು ಶೇರು ಎಷ್ಟು ಅಂತ ಹಾಕಿ. ನೋಡೋಣ.